ಡೀಲರ್‌ಗಳು ತಡವಾಗಿ ಕೊಡುತ್ತಾರೆ, ಆದರೆ ಕೊಡುತ್ತಾರೆ: 6.40 ಕೋಟಿ ಬಾಕಿಗೆ ಪ್ರಾವಿಷನ್ ಎಷ್ಟು ಇಡಬೇಕು?

ಖಾತೆಕೀರ್ದಿ

ರಾಣೆಬೆನ್ನೂರಿನ ಒಂದು ಸಗಟು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬಿತ್ತನೆ ಬೀಜ ಮತ್ತು ಕೀಟನಾಶಕ ನಮ್ಮ ವ್ಯಾಪಾರ. ಹಾವೇರಿ, ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಸುಮಾರು ಇನ್ನೂರು ಡೀಲರ್‌ಗಳಿಗೆ ಮಾಲು ಕೊಡುತ್ತೇವೆ. ಕಾಗದದ ಮೇಲೆ ಉದ್ದರಿ 60 ದಿನ. ವಾಸ್ತವದಲ್ಲಿ ಮೆಕ್ಕೆಜೋಳ, ಹತ್ತಿ ಮಾರುಕಟ್ಟೆಗೆ ಬಂದು ರೈತನ ಕೈಗೆ ಹಣ ಬಂದ ಮೇಲೆ ಡೀಲರ್ ಕೊಡುತ್ತಾನೆ, ಡೀಲರ್ ಕೊಟ್ಟ ಮೇಲೆ ನಮಗೆ ಸಿಗುತ್ತದೆ.

ಷೇರುಪೇಟೆಯಲ್ಲಿರುವ ಕಂಪನಿಯೊಂದು ನಮ್ಮಲ್ಲಿ ಬಹುಪಾಲು ಷೇರು ಕೊಂಡಿರುವುದರಿಂದ 2024-25ರ ಲೆಕ್ಕವನ್ನು ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಮಾಡಬೇಕಾಗಿದೆ. 31 ಮಾರ್ಚ್ 2025ಕ್ಕೆ ಬಾಕಿ ಹೀಗಿದೆ. ದಿನಗಳನ್ನು ಗಡುವಿನಿಂದ ಎಣಿಸಿದ್ದೇನೆ, ಮೊತ್ತ ಲಕ್ಷ ರೂಪಾಯಿಗಳಲ್ಲಿದೆ.

| ಬಾಕಿಯ ವಯಸ್ಸು | ಮೊತ್ತ |
|---|---|
| ಗಡುವು ಇನ್ನೂ ಮೀರಿಲ್ಲ | 210 |
| 1–90 ದಿನ | 160 |
| 91–180 ದಿನ | 130 |
| 181–365 ದಿನ | 90 |
| ಒಂದು ವರ್ಷ ಮೀರಿದ್ದು | 50 |
| ಒಟ್ಟು | 640 |

ಯಜಮಾನರು ಹೇಳುವುದು: "ನಮ್ಮ ಡೀಲರ್‌ಗಳು ಎಲ್ಲಿಗೂ ಓಡಿಹೋಗುವುದಿಲ್ಲ. ತಡವಾದರೂ ಕೊಡುತ್ತಾರೆ. ಪ್ರಾವಿಷನ್ ಏಕೆ?" ಲೆಕ್ಕ ಪರಿಶೋಧಕರ ಕಚೇರಿಯಿಂದ ಬಂದ ಹುಡುಗರು 180 ದಿನ ಮೀರಿದ್ದಕ್ಕೆ ಶೇ 50, ವರ್ಷ ಮೀರಿದ್ದಕ್ಕೆ ಶೇ 100 ಎಂದು ಬರೆದು 95 ಲಕ್ಷ ತೋರಿಸಿದ್ದಾರೆ. ನಮ್ಮ ವರ್ಷದ ಲಾಭವೇ ಅದಕ್ಕಿಂತ ತುಸು ಹೆಚ್ಚು. ಸೊನ್ನೆಗೂ 95 ಲಕ್ಷಕ್ಕೂ ನಡುವೆ ಸರಿಯಾದ ಅಂಕಿ ಯಾವುದು, ಅದನ್ನು ಕಂಡುಹಿಡಿಯುವುದು ಹೇಗೆ?

---

ಅಡಿಕೆತೋಟ

50, 100 ಎಂಬುದೇ ರೂಢಿ. ನಮ್ಮಲ್ಲಿಯೂ ಹಾಗೆಯೇ ಮಾಡುತ್ತಾರೆ. ಇಂಡ್ ಎಎಸ್ 109ರಲ್ಲಿಯೇ 90 ದಿನ ಮೀರಿದರೆ ಸುಸ್ತಿ ಎಂದು ಬರೆದಿದೆ, ಬ್ಯಾಂಕಿನ ಎನ್‌ಪಿಎ ಇದ್ದ ಹಾಗೆ. ಆ ಲೆಕ್ಕದಲ್ಲಿ ನಿಮ್ಮ 130 ಲಕ್ಷವೂ ಸುಸ್ತಿಯೇ. ಪರಿಶೋಧಕರು ಇನ್ನೂ ಮೃದುವಾಗಿದ್ದಾರೆ.

---

ವಸುಧಾ ಕುಂದಗೋಳ

ಹುಬ್ಬಳ್ಳಿಯಲ್ಲಿ ಸಿಎ ಆಗಿದ್ದೇನೆ, ವಿತರಕ ಸಂಸ್ಥೆಗಳ ಪರಿಶೋಧನೆಯೇ ಹೆಚ್ಚಿನ ಕೆಲಸ.

ಅಡಿಕೆತೋಟ ಅವರೇ, 90 ದಿನದ ಮಾತು 109ರಲ್ಲಿ ಇರುವುದು ನಿಜ. ಆದರೆ ಅದು ಅಲ್ಲಗಳೆಯಬಹುದಾದ ಊಹೆ. ಇನ್ನೂ ತಡವಾದ ಗಡಿಯೇ ಹೊಂದುತ್ತದೆ ಎಂದು ಆಧಾರಸಹಿತ ತೋರಿಸಿದರೆ ಅದನ್ನು ಬದಲಿಸಬಹುದು. ಬೆಳೆ ಬಂದ ಮೇಲೆ ಹಣ ಬರುವ ವ್ಯಾಪಾರದಲ್ಲಿ 90 ದಿನ ಮೀರಿದ ಬಿಲ್ಲುಗಳಲ್ಲಿ ಬಹುಪಾಲು ವಸೂಲಾಗಿವೆ ಎಂದು ಹಳೆಯ ಲೆಕ್ಕವೇ ಹೇಳಿದರೆ ಅದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. 50, 100 ಎಂಬ ದರಗಳಂತೂ ಮಾನದಂಡದಲ್ಲಿ ಎಲ್ಲಿಯೂ ಇಲ್ಲ.

ಯಜಮಾನರ ಸೊನ್ನೆಯೂ ನಿಲ್ಲುವುದಿಲ್ಲ. ಇಂಥ ವ್ಯಾಪಾರದ ಬಾಕಿಗೆ 109 ಸರಳ ವಿಧಾನವನ್ನು ಕಡ್ಡಾಯ ಮಾಡಿದೆ. ಬಿಲ್ ಹುಟ್ಟಿದ ದಿನದಿಂದಲೇ, ಗಡುವು ಮೀರದಿದ್ದರೂ, ಅದರ ಪೂರ್ತಿ ಆಯುಸ್ಸಿನಲ್ಲಿ ಎಷ್ಟು ಮುಳುಗಬಹುದು ಎಂದು ಅಂದಾಜು ಮಾಡಿ ಪ್ರಾವಿಷನ್ ಇಡಬೇಕು.

ದರಕ್ಕೆ ಆಮೇಲೆ ಬರೋಣ. ಮೊದಲು ಈ ಪಟ್ಟಿಯನ್ನೇ ನಂಬಬಹುದೇ ಎಂದು ನೋಡಬೇಕು. ಖಾತೆಕೀರ್ದಿ ಅವರೇ, ಎರಡು ಪ್ರಶ್ನೆ. ಟ್ಯಾಲಿಯಲ್ಲಿ `On Account` ಎಂದು ಬಿಲ್ಲಿಗೆ ಹೊಂದಿಸದೆ ಬಿಟ್ಟ ಜಮಾ ಎಷ್ಟಿದೆ? ಚೆಕ್ ವಾಪಸ್ ಬಂದಾಗ ಡೀಲರ್ ಖಾತೆಗೆ ಮರುಖರ್ಚು ಹೇಗೆ ಹಾಕುತ್ತೀರಿ?

---

ಖಾತೆಕೀರ್ದಿ

ಮೇಡಂ, `On Account` ಜಮಾ 78 ಲಕ್ಷ ಇತ್ತು. ಡೀಲರ್‌ಗಳು ಯಾವ ಬಿಲ್ಲಿಗೆ ಎಂದು ಹೇಳದೆ ದುಂಡು ಮೊತ್ತ ಹಾಕುತ್ತಾರೆ. ಪಟ್ಟಿ ಮಾಡುವ ಮುನ್ನ ಅದನ್ನೆಲ್ಲ ಹಳೆಯ ಬಿಲ್ಲುಗಳಿಂದ ಆರಂಭಿಸಿ ಹೊಂದಿಸಿದ್ದೇನೆ. ಚೆಕ್ ವಾಪಸಾದರೆ `New Ref` ಹಾಕಿ ಡೀಲರ್‌ಗೆ ಖರ್ಚು ಬರೆಯುತ್ತೇವೆ.

---

ವಸುಧಾ ಕುಂದಗೋಳ

ಎರಡನೆಯದನ್ನು ಮೊದಲು ಸರಿಪಡಿಸಿ. `New Ref` ಎಂದು ಹಾಕಿದರೆ ಆ ಬಾಕಿಗೆ ಚೆಕ್ ವಾಪಸಾದ ದಿನವೇ ಹುಟ್ಟಿದ ದಿನವಾಗುತ್ತದೆ. ಜುಲೈ ಬಿಲ್ಲಿಗೆ ಫೆಬ್ರವರಿಯಲ್ಲಿ ಚೆಕ್ ಬಂದು ಮಾರ್ಚ್‌ನಲ್ಲಿ ವಾಪಸಾಯಿತು ಎನ್ನಿ. ಎಲ್ಲಕ್ಕಿಂತ ಹೆಚ್ಚು ಅನುಮಾನ ಪಡಬೇಕಾದ ಆ ಬಾಕಿ ನಿಮ್ಮ ಪಟ್ಟಿಯಲ್ಲಿ 'ಗಡುವು ಮೀರಿಲ್ಲ' ಎಂಬ ಸಾಲಿನಲ್ಲಿ ಹೋಗಿ ಕುಳಿತಿರುತ್ತದೆ. ಮರುಖರ್ಚು ಬರೆಯುವಾಗ `Agst Ref` ಆರಿಸಿ ಹಳೆಯ ಬಿಲ್ ಸಂಖ್ಯೆಯನ್ನೇ ಕೊಟ್ಟರೆ ಬಿಲ್ ತನ್ನ ನಿಜವಾದ ವಯಸ್ಸಿಗೆ ಮರಳುತ್ತದೆ. ಏಪ್ರಿಲ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ನೋಡಿ. ಮಾರ್ಚ್ ಕೊನೆಯಲ್ಲಿ ಜಮಾ ತೋರಿಸಿ ಏಪ್ರಿಲ್‌ನಲ್ಲಿ ವಾಪಸಾದ ಚೆಕ್ಕುಗಳು ಸಿಕ್ಕೇ ಸಿಗುತ್ತವೆ.

ಇನ್ನು 78 ಲಕ್ಷ. ಹಣವನ್ನು ಯಾವ ಬಾಕಿಗೆ ಹೊಂದಿಸಬೇಕು ಎಂಬುದಕ್ಕೆ ಭಾರತೀಯ ಕರಾರು ಕಾಯ್ದೆಯ 59ರಿಂದ 61ನೇ ಸೆಕ್ಷನ್‌ಗಳಲ್ಲಿ ಕ್ರಮವಿದೆ. ಕೊಡುವವನು ಇಂಥ ಬಿಲ್ಲಿಗೆ ಎಂದು ಹೇಳಿದರೆ, ಅಥವಾ ಸಂದರ್ಭದಿಂದ ಅದು ತಿಳಿಯುವಂತಿದ್ದರೆ, ಅದಕ್ಕೇ ಹೊಂದಿಸಬೇಕು. ಹೇಳದಿದ್ದರೆ ಪಡೆದವರ ಇಷ್ಟ. ಇಬ್ಬರೂ ಸುಮ್ಮನಿದ್ದರೆ ಹಳೆಯದರಿಂದ ಆರಂಭ. ಹಾಗಾಗಿ ನೀವು ಮಾಡಿದ್ದು ತಪ್ಪಲ್ಲ. ಆದರೆ ಡೀಲರ್ ಬಿಲ್ ಮೊತ್ತವನ್ನು ಪೈಸೆ ಸಹಿತ ಸರಿಯಾಗಿ ಹಾಕಿದ್ದರೆ ಅದು ಆ ಬಿಲ್ಲಿನದೇ. ಅದನ್ನು ಹಳೆಯದಕ್ಕೆ ಹೊಂದಿಸಿದರೆ ಆತ ಬೇಕೆಂದೇ ಕೊಡದೆ ಬಿಟ್ಟಿರುವ ಬಿಲ್ ಕಣ್ಣಿಗೆ ಬೀಳುವುದಿಲ್ಲ.

---

ಟೈಲ್ಸ್ ಅಂಗಡಿ, ಗದಗ

ಇಷ್ಟೆಲ್ಲ ಏಕೆ? ನೀವು ಉದ್ಯಮ್ ನೋಂದಣಿ ಮಾಡಿಸಿ. 45 ದಿನದೊಳಗೆ ಕೊಡದಿದ್ದರೆ ಡೀಲರ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು, ಆದಾಯ ತೆರಿಗೆಯಲ್ಲಿ ಅವನ ಖರ್ಚೂ ನಿಲ್ಲುತ್ತದೆ. ನಾನೂ ನೋಂದಣಿ ಮಾಡಿಸಿದ್ದೇನೆ. ನನಗೆ ಒಬ್ಬ ಗುತ್ತಿಗೆದಾರರಿಂದ ನಾಲ್ಕು ಲಕ್ಷ ಬರಬೇಕಿದೆ, ಹದಿನಾಲ್ಕು ತಿಂಗಳಾಯಿತು. ಅರ್ಜಿ ಹಾಕುವುದು ಎಲ್ಲಿ ಎಂದು ಯಾರಾದರೂ ತಿಳಿಸಿ.

---

ನಿವೃತ್ತ ಬ್ಯಾಂಕ್ ಅಧಿಕಾರಿ

ಟೈಲ್ಸ್ ಅಂಗಡಿಯವರೇ, ನಿಮಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಜುಲೈ 2021ರಲ್ಲಿ ಉದ್ಯಮ್ ನೋಂದಣಿ ತೆರೆದದ್ದು ಆದ್ಯತಾ ವಲಯದ ಸಾಲದ ಸಲುವಾಗಿ ಮಾತ್ರ. ತಡಪಾವತಿಯ ಬಡ್ಡಿ, 45 ದಿನದ ರಕ್ಷಣೆ ಸರಕು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ತಂದು ಮಾರುವವರಿಗೆ ಅದು ದಕ್ಕುವುದಿಲ್ಲ. ನಿಮ್ಮ ನಾಲ್ಕು ಲಕ್ಷಕ್ಕೆ ವಕೀಲರ ನೋಟಿಸೇ ದಾರಿ. ಮೂರು ವರ್ಷದ ಕಾಲಮಿತಿ ಮುಗಿಯುವ ಮುನ್ನ ಗುತ್ತಿಗೆದಾರರಿಂದ ಬಾಕಿ ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಿ. ಸಹಿಯಾದ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ.

---

ವಸೂಲಿ ಸೋಮಣ್ಣ

ಮೇಡಂ ಹೇಳಿದ್ದು ಸರಿ, ಆದರೆ ಪಟ್ಟಿ ಸುಳ್ಳು ಹೇಳುವ ದೊಡ್ಡ ದಾರಿ ಬೇರೆಯೇ ಇದೆ. ಹದಿನೆಂಟು ವರ್ಷ ಇದೇ ಭಾಗದಲ್ಲಿ ಕೀಟನಾಶಕ ಕಂಪನಿಯ ವಸೂಲಿಗೆ ಓಡಾಡಿದವನು ನಾನು.

ಹಿರೇಕೆರೂರು ಕಡೆಯ ಒಬ್ಬ ಡೀಲರ್ ಖಾತೆ ಹೇಳುತ್ತೇನೆ. ವರ್ಷದ ಆರಂಭಕ್ಕೆ ಬಾಕಿ 18 ಲಕ್ಷ. ವರ್ಷದಲ್ಲಿ ಕೊಂಡದ್ದು 40 ಲಕ್ಷ, ಅದರಲ್ಲಿ 20 ಲಕ್ಷ ನವೆಂಬರ್ ನಂತರ ಹಿಂಗಾರಿಗೆ. ಕೊಟ್ಟದ್ದು 39 ಲಕ್ಷ. ವರ್ಷದ ಕೊನೆಗೆ ಬಾಕಿ 19 ಲಕ್ಷ. ಹಳೆಯ ಬಿಲ್ಲಿನಿಂದ ಹೊಂದಿಸುತ್ತ ಬಂದರೆ ಉಳಿದ 19 ಲಕ್ಷವೂ ನವೆಂಬರ್ ನಂತರದ ಬಿಲ್ಲುಗಳೇ. ಪಟ್ಟಿಯಲ್ಲಿ 90 ದಿನ ಮೀರಿದ್ದು ಒಂದು ಪೈಸೆಯೂ ಇಲ್ಲ, ಡೀಲರ್ ಅಪ್ಪಟ ಚಿನ್ನ!

ಈಗ ಅದೇ ಖಾತೆಯಲ್ಲಿ ಇಡೀ ವರ್ಷದಲ್ಲಿ ಬಾಕಿ ಅತಿ ಕಡಿಮೆ ಎಷ್ಟಕ್ಕೆ ಇಳಿದಿತ್ತು ನೋಡಿ. 15 ಲಕ್ಷ. ಅದರ ಹಿಂದಿನ ವರ್ಷ 14. ಅಂದರೆ ಆ 14-15 ಲಕ್ಷ ಎಂದೂ ತೀರಿಲ್ಲ. ಐದು ಲಕ್ಷ ಕೊಟ್ಟು ಆರು ಲಕ್ಷದ ಮಾಲು ಎತ್ತುತ್ತಾನೆ, ಕೊಟ್ಟ ಐದು ಹಳೆಯದಕ್ಕೆ ಹೋಗುತ್ತದೆ, ಪಟ್ಟಿ ಸದಾ ಹಸಿರಾಗಿರುತ್ತದೆ. ನಾವು ಮಾಲು ನಿಲ್ಲಿಸಿದ ದಿನ ಅವನೂ ಹಣ ನಿಲ್ಲಿಸುತ್ತಾನೆ. ಆಗ 19 ಲಕ್ಷವೂ ಒಟ್ಟಿಗೆ ಹಳೆಯದಾಗುತ್ತದೆ. ಅಷ್ಟರಲ್ಲಿ ಅಂಗಡಿ ಹೆಂಡತಿಯ ಹೆಸರಿಗೆ, ಲೈಸೆನ್ಸ್ ತಮ್ಮನ ಹೆಸರಿಗೆ.

ಪ್ರತಿ ಡೀಲರ್‌ಗೂ ವರ್ಷದ ಅತಿ ಕಡಿಮೆ ಬಾಕಿ ಎಂಬ ಒಂದೇ ಒಂದು ಕಾಲಂ ಸೇರಿಸಿ. ನಿಮ್ಮ ಯಜಮಾನರಿಗೆ ಅದನ್ನು ತೋರಿಸಿ.

---

ಖಾತೆಕೀರ್ದಿ

ಸೋಮಣ್ಣ ಅವರೇ, ತೆಗೆದು ನೋಡಿದೆ. ಎರಡು ವರ್ಷವೂ ಇಳಿಯದೆ ನಿಂತ ಬಾಕಿ ಹನ್ನೊಂದು ಡೀಲರ್‌ಗಳಲ್ಲಿದೆ, ಒಟ್ಟು 62 ಲಕ್ಷ. ಪಟ್ಟಿಯಲ್ಲಿ ಅದರಲ್ಲಿ 30 ಲಕ್ಷ 'ಗಡುವು ಮೀರಿಲ್ಲ' ಎಂಬಲ್ಲಿ, 32 ಲಕ್ಷ '1–90' ಎಂಬಲ್ಲಿ ಇದೆ. ಯಜಮಾನರು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು. ಅವರಲ್ಲಿ ಇಬ್ಬರು ನಮ್ಮ ಅತಿ ಹಳೆಯ ಡೀಲರ್‌ಗಳು.

ಚೆಕ್ ವಾಪಸಾತಿಗಳನ್ನೂ ಸರಿಪಡಿಸುತ್ತಿದ್ದೇನೆ. ಮೊತ್ತ ಚಿಕ್ಕದು, ಒಟ್ಟು ಚಿತ್ರ ಬದಲಾಗಲಿಲ್ಲ. ಈಗ ದರದ ಮಾತಿಗೆ ಬರಬಹುದೇ ಮೇಡಂ?

---

ವಸುಧಾ ಕುಂದಗೋಳ

ಬರೋಣ. ಪೂರ್ತಿ ಓಡಿ ಮುಗಿದ ಒಂದು ವರ್ಷದ ಬಿಲ್ಲುಗಳನ್ನು ಹಿಡಿಯಿರಿ. 2021-22ರ ಬಿಲ್ಲುಗಳು ಇಂದಿಗೆ ಮೂರು ವರ್ಷ ದಾಟಿವೆ, ಬರಬೇಕಾದದ್ದು ಬಂದಾಯಿತು. ಆ ಬಿಲ್ಲುಗಳಲ್ಲಿ ಗಡುವು ಮೀರಿ ಉಳಿದದ್ದು ಎಷ್ಟು, 90 ದಿನ ಮೀರಿ ಉಳಿದದ್ದು ಎಷ್ಟು, 180 ಮೀರಿ, ವರ್ಷ ಮೀರಿ, ಕೊನೆಗೆ ಬಾರದೇ ಹೋದದ್ದು ಎಷ್ಟು ಎಂದು ತೆಗೆಯಿರಿ. ಕೊನೆಗೆ ಮುಳುಗಿದ ಮೊತ್ತವನ್ನು ಪ್ರತಿ ಹಂತಕ್ಕೆ ತಲುಪಿದ ಮೊತ್ತದಿಂದ ಭಾಗಿಸಿದರೆ ಆ ಹಂತದ ನಷ್ಟದ ದರ ಸಿಗುತ್ತದೆ.

ಒಂದು ಎಚ್ಚರಿಕೆ. ನಿಮ್ಮ ವ್ಯಾಪಾರದಲ್ಲಿ ಹಂಗಾಮು ಮುಗಿದ ಮೇಲೆ ಮಾರಾಟವಾಗದ ಬೀಜ ಮರಳಿ ಬರುತ್ತದೆ, ವರ್ಷದ ಕೊನೆಗೆ ಸ್ಕೀಮ್ ರಿಯಾಯಿತಿಯ ಕ್ರೆಡಿಟ್ ನೋಟ್ ಹೋಗುತ್ತದೆ. ಇವು ವಸೂಲಿಯೂ ಅಲ್ಲ, ನಷ್ಟವೂ ಅಲ್ಲ. ಇವನ್ನು ಬಿಲ್ಲಿನ ಮೊತ್ತದಿಂದ ಮೊದಲೇ ಕಳೆಯಿರಿ. ಹೀಗೆ ಮಾಡದೆ ಹೋದರೆ ವಸೂಲಿ ಚೆನ್ನಾಗಿದ್ದಂತೆ ಕಾಣುತ್ತದೆ. ಜಿಎಸ್‌ಟಿಯನ್ನು ಮಾತ್ರ ಕಳೆಯಬೇಡಿ. ಡೀಲರ್ ಕೊಡದೆ ಹೋದರೂ ಕೀಟನಾಶಕದ ಮೇಲೆ ನೀವು ಕಟ್ಟಿದ ಶೇ 18 ಸರ್ಕಾರದಿಂದ ಮರಳಿ ಬರುವುದಿಲ್ಲ, ಆ ನಷ್ಟವೂ ನಿಮ್ಮದೇ.

---

ಖಾತೆಕೀರ್ದಿ

ಎರಡು ವಾರ ಹಿಡಿಯಿತು. ರಿಯಾಯಿತಿ, ಮರಳಿದ ಮಾಲು ಕಳೆದ ಮೇಲೆ 2021-22ರ ಬಿಲ್ಲುಗಳು 2,000 ಲಕ್ಷ. ಗಡುವು ಮೀರಿ ಉಳಿದದ್ದು 1,300. ಅದರ ಮೇಲೆ 90 ದಿನ ಕಳೆದಾಗ 600, 180 ಕಳೆದಾಗ 240, ಒಂದು ವರ್ಷ ಕಳೆದಾಗ 60. ಕೊನೆಗೆ ಬಾರದೇ ಹೋದದ್ದು 24 ಲಕ್ಷ.

| ಹಂತ | ತಲುಪಿದ್ದು | ನಷ್ಟದ ದರ | ಈಗಿನ ಬಾಕಿ | ಪ್ರಾವಿಷನ್ |
|---|---|---|---|---|
| ಗಡುವು ಮೀರಿಲ್ಲ | 2,000 | 1.2% | 210 | 2.52 |
| 1–90 | 1,300 | 1.85% | 160 | 2.95 |
| 91–180 | 600 | 4% | 130 | 5.20 |
| 181–365 | 240 | 10% | 90 | 9.00 |
| ವರ್ಷ ಮೀರಿದ್ದು | 60 | 40% | 50 | 20.00 |

ಒಟ್ಟು 39.67 ಲಕ್ಷ. ಗಡುವಿನ ದಿನಕ್ಕೆ ಮೂರರಲ್ಲಿ ಎರಡು ಪಾಲು ಬಾಕಿ ಉಳಿದಿದ್ದರೂ ಕೊನೆಗೆ ಮುಳುಗಿದ್ದು ನೂರಕ್ಕೆ ಒಂದೂಕಾಲು ರೂಪಾಯಿ. ಯಜಮಾನರ ಮಾತಿನಲ್ಲಿ ಹುರುಳಿತ್ತು. ಆದರೆ ಸೊನ್ನೆ ಅಲ್ಲ.

---

ನೇಗಿಲು

ಲೆಕ್ಕ ಚೆನ್ನಾಗಿದೆ, ಆದರೆ 2021-22 ಒಳ್ಳೆಯ ವರ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷದ ಬಿಲ್ಲುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಲೆಕ್ಕವೇ? ಮುಂದೆ ಏನಾಗಬಹುದು ಎಂಬುದನ್ನೂ ಸೇರಿಸಬೇಕು ಎಂದು ಮಾನದಂಡ ಹೇಳುತ್ತದೆಯಲ್ಲವೇ? ಎಲ್ಲ ದರಗಳನ್ನೂ ಒಂದೂವರೆ ಪಟ್ಟು ಮಾಡಿ.

---

ವಸುಧಾ ಕುಂದಗೋಳ

ನೇಗಿಲು ಅವರ ಪ್ರಶ್ನೆ ಸರಿ, ಪರಿಹಾರ ಅರ್ಧ ಸರಿ. ಯಾವ ಸಾಲಿನಲ್ಲಿ ಯಾವ ಹಂಗಾಮಿನ ಬಿಲ್ ಇದೆ ಎಂದು ನೋಡಿ. 60 ದಿನದ ಉದ್ದರಿ ಸೇರಿಸಿದರೆ, 31 ಮಾರ್ಚ್ 2025ಕ್ಕೆ ವರ್ಷ ಮೀರಿದ್ದು ಎಂದರೆ ಜನವರಿ 2024ರ ಕೊನೆಗೆ ಮುಂಚಿನ ಬಿಲ್ಲುಗಳು. ಅವೇ ಬರದ ಮುಂಗಾರಿನವು. 181–365ರಲ್ಲಿ ಇರುವುದು ಬಹುತೇಕ ಜೂನ್, ಜುಲೈ 2024ರವು, ಅಂದರೆ ಮಳೆ ಚೆನ್ನಾಗಿ ಬಂದ ವರ್ಷದವು. ಎಲ್ಲ ದರವನ್ನೂ ಏರಿಸಿದರೆ ಬರದ ನಷ್ಟವನ್ನು ಮಳೆಯ ವರ್ಷದ ಮೇಲೆ ಹೊರಿಸಿದಂತಾಗುತ್ತದೆ. ಬರದ ಹೊಡೆತ ನಿಜವಾಗಿ ಕುಳಿತಿರುವುದು ಆ 50 ಲಕ್ಷದಲ್ಲಿ. ಅದಕ್ಕೆ ಶೇಕಡಾವಾರು ಹಚ್ಚಿ ಸುಮ್ಮನಾಗಬೇಡಿ, ಡೀಲರ್ ಡೀಲರ್ ಆಗಿ ಬಿಡಿಸಿ. ಎಷ್ಟು ಜನ ಇದ್ದಾರೆ?

---

ಖಾತೆಕೀರ್ದಿ

ಒಂಬತ್ತು ಜನ. ಒಬ್ಬರ ಅಂಗಡಿ ಮುಚ್ಚಿದೆ, 14 ಲಕ್ಷ. ಚೆಕ್ ವಾಪಸಾಗಿದೆ, ಅವರ 2 ಲಕ್ಷ ಠೇವಣಿ ನಮ್ಮಲ್ಲಿದೆ. ಇನ್ನೊಬ್ಬರು 6 ಲಕ್ಷ ಕೊಡುವುದಿಲ್ಲ ಎನ್ನುತ್ತಾರೆ, ನಾವು ಕೊಟ್ಟ ಮೆಕ್ಕೆಜೋಳದ ಬೀಜ ಸರಿಯಾಗಿ ಮೊಳೆಯಲಿಲ್ಲ, ರೈತರು ಬಂದು ಗಲಾಟೆ ಮಾಡಿದರು ಎಂಬುದು ಅವರ ವಾದ. ಉಳಿದ ಏಳು ಜನ 30 ಲಕ್ಷ. ಅವರು ಈಗಲೂ ಮಾಲು ಕೊಳ್ಳುತ್ತಿದ್ದಾರೆ, ಆಗಾಗ ಅಷ್ಟಿಷ್ಟು ಕೊಡುತ್ತಾರೆ.

---

ವಸುಧಾ ಕುಂದಗೋಳ

ಮೂರೂ ಬೇರೆ ಬೇರೆ ಜಾತಿಯ ಬಾಕಿ.

ಮುಚ್ಚಿದ ಅಂಗಡಿಯನ್ನು ಪಟ್ಟಿಯಿಂದ ಹೊರತೆಗೆದು ಪ್ರತ್ಯೇಕವಾಗಿ ನೋಡಿ. ಠೇವಣಿ ಕಳೆದು 12 ಲಕ್ಷವನ್ನೂ ಪ್ರಾವಿಷನ್ ಮಾಡಿ. ಬೇರೆ ಆಸ್ತಿಯಿಂದ ವಸೂಲಾಗುವ ಆಧಾರವಿದ್ದರೆ ಕಾಗದದಲ್ಲಿ ತೋರಿಸಿ ಇಳಿಸಬಹುದು.

ಮೊಳಕೆಯ ತಕರಾರು ಸಾಲದ ನಷ್ಟವೇ ಅಲ್ಲ. ಆ ಡೀಲರ್‌ಗೆ ಕೊಡುವ ಶಕ್ತಿ ಇದೆ, ಕೊಡಬೇಕಾದದ್ದಲ್ಲ ಎನ್ನುತ್ತಿದ್ದಾನೆ. ಬೀಜದಲ್ಲಿ ನಿಜವಾಗಿ ದೋಷವಿದ್ದು ನೀವು ಬೆಲೆ ಬಿಟ್ಟುಕೊಡುವುದಾದರೆ ಅದು ಮಾರಾಟದಿಂದ ಕಡಿತ. ಆ ಕೆಲಸಕ್ಕೆ 109 ಬೇಡ, ಮಾರಾಟದ ಆದಾಯದ ಮಾನದಂಡವಾದ ಇಂಡ್ ಎಎಸ್ 115 ಬೇಕು. ಇಂಥವನ್ನು ಪ್ರಾವಿಷನ್ ಒಳಗೆ ಸೇರಿಸಿದರೆ ನಿಮ್ಮ ನಷ್ಟದ ದರವೂ ಕೆಡುತ್ತದೆ, ಬೀಜ ಕಂಪನಿಯಿಂದ ಕೇಳಬೇಕಾದದ್ದೂ ಮರೆತುಹೋಗುತ್ತದೆ. ಶೆಡ್ಯೂಲ್ 3ರ ಪಟ್ಟಿಯಲ್ಲಿ ತಕರಾರಿನ ಬಾಕಿಯನ್ನು ಹೇಗೂ ಬೇರೆ ಸಾಲಿನಲ್ಲಿ ತೋರಿಸಬೇಕು.

ಉಳಿದ 30 ಲಕ್ಷಕ್ಕೆ ಶೇ 40 ಹಚ್ಚುವ ಮುನ್ನ ಒಂದು ಮಾತು. ಹಿಂದಿನ 24 ಲಕ್ಷ ನಷ್ಟದಲ್ಲಿ ಮುಚ್ಚಿದ ಅಂಗಡಿಗಳದ್ದು ಎಷ್ಟು?

---

ಖಾತೆಕೀರ್ದಿ

ಎರಡು ಅಂಗಡಿ, 15 ಲಕ್ಷ. ಉಳಿದ 9 ಲಕ್ಷ ಚೂರುಪಾರು.

---

ವಸುಧಾ ಕುಂದಗೋಳ

ಹಾಗಾದರೆ ಈ ಏಳು ಜನರಿಗೆ ದರ 40 ಅಲ್ಲ. ಮುಚ್ಚಿದ ಅಂಗಡಿಯನ್ನು ಈಗ ಪ್ರತ್ಯೇಕ ಮಾಡಿದ್ದೀರಿ, ಹಿಂದಿನ ಲೆಕ್ಕದಿಂದಲೂ ಅವನ್ನು ತೆಗೆಯಬೇಕು. 9 ಭಾಗಿಸು 45, ಶೇ 20. ಪ್ರಾವಿಷನ್ 6 ಲಕ್ಷ. ಹಿಂದಿನ ದರದಲ್ಲಿ ಮುಚ್ಚಿದ ಅಂಗಡಿ ಇಟ್ಟುಕೊಂಡು ಈಗಿನದನ್ನು ಬೇರೆಯಾಗಿಯೂ ಪೂರ್ತಿ ಹಿಡಿದರೆ ಒಂದೇ ನಷ್ಟವನ್ನು ಎರಡು ಸಲ ಬರೆದಂತೆ.

ಮೇಲಿನ ನಾಲ್ಕು ಸಾಲುಗಳ ದರ ಮಾತ್ರ ಮುಟ್ಟಬೇಡಿ. ಅಲ್ಲಿ 24 ಲಕ್ಷವೂ ಇರಬೇಕು. ಹೊಸ ಬಿಲ್ಲುಗಳ ಡೀಲರ್‌ಗಳಲ್ಲಿ ಯಾರು ನಾಳೆ ಅಂಗಡಿ ಮುಚ್ಚುತ್ತಾರೆ ಎಂದು ಇಂದು ಗೊತ್ತಿಲ್ಲವಲ್ಲ.

ಈಗ ಒಟ್ಟು 37.67 ಲಕ್ಷ, 6 ಲಕ್ಷದ ತಕರಾರು ಬೇರೆ. ಮೊತ್ತ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಪರಿಶೋಧಕರು ಕೇಳಿದಾಗ ಪ್ರತಿ ರೂಪಾಯಿಗೂ ಕಾರಣ ಹೇಳಬಲ್ಲಿರಿ.

---

ವಸೂಲಿ ಸೋಮಣ್ಣ

ನನ್ನ 62 ಲಕ್ಷ ಎಲ್ಲಿ ಹೋಯಿತು? ಅದು ಇನ್ನೂ ಶೇ 1.2 ಮತ್ತು 1.85ರ ಸಾಲಿನಲ್ಲೇ ಇದೆ. ಆ ಹನ್ನೊಂದು ಜನರ ಪ್ರಾವಿಷನ್ ಒಂದು ಲಕ್ಷವೂ ಆಗುವುದಿಲ್ಲ. ಅದನ್ನೂ ವರ್ಷ ಮೀರಿದ ಸಾಲಿಗೆ ಎಳೆದು 40 ಹಾಕಿ.

---

ವಸುಧಾ ಕುಂದಗೋಳ

ಸೋಮಣ್ಣ ಅವರೇ, ಕಳವಳ ಒಪ್ಪುತ್ತೇನೆ, ಎಳೆಯುವುದನ್ನು ಒಪ್ಪುವುದಿಲ್ಲ. ಹಿಂದಿನ ದರ ಸಿಕ್ಕಿದ್ದು ಹಳೆಯ ಬಿಲ್ಲಿನಿಂದ ಹೊಂದಿಸಿದ ಪಟ್ಟಿಯಿಂದ. ಆ ಪಟ್ಟಿಯಲ್ಲಿಯೂ ಇಂಥ ಡೀಲರ್‌ಗಳು ಹೊಸ ಬಿಲ್ಲಿನ ಮರೆಯಲ್ಲಿಯೇ ಇದ್ದರು. ಹಿಂದಿನದನ್ನು ಒಂದು ಸೇರಿನಲ್ಲಿ ಅಳೆದು ಈಗಿನದನ್ನು ಇನ್ನೊಂದು ಸೇರಿನಲ್ಲಿ ಅಳೆಯುವಂತಿಲ್ಲ. ಸರಿಯಾದ ದಾರಿ ಎಂದರೆ ಇಳಿಯದ ಬಾಕಿಯ ಡೀಲರ್‌ಗಳನ್ನು ಪ್ರತ್ಯೇಕ ಗುಂಪು ಮಾಡಿ, 2021-22ರಲ್ಲಿ ಅದೇ ಲಕ್ಷಣ ಇದ್ದವರನ್ನೂ ಗುರುತಿಸಿ, ಅವರಲ್ಲಿ ಎಷ್ಟು ಮುಳುಗಿತು ನೋಡುವುದು.

---

ಖಾತೆಕೀರ್ದಿ

2021-22ಕ್ಕೆ ಅಂಥವರು ಮೂವರು ಮಾತ್ರ ಸಿಗುತ್ತಾರೆ. ಒಬ್ಬರು ಅಂಗಡಿ ಮುಚ್ಚಿದ ಇಬ್ಬರಲ್ಲಿ ಒಬ್ಬರು. ಇನ್ನಿಬ್ಬರು ಇಂದಿಗೂ ನಡೆಯುತ್ತಿದ್ದಾರೆ.

---

ವಸುಧಾ ಕುಂದಗೋಳ

ಮೂವರಿಂದ ದರ ಕಟ್ಟಲಾಗದು. ಹಾಗಿದ್ದಾಗ ನಿರ್ವಹಣೆಯ ವಿವೇಚನೆ ಎಂದು ಬರೆದು ಒಂದು ದರ ಇಟ್ಟು, ಏಕೆ ಎಂದು ಟಿಪ್ಪಣಿ ಬರೆಯಿರಿ. ಹಳೆಯ ಬಾಕಿ ಇದ್ದೂ ವ್ಯಾಪಾರ ನಡೆಸುತ್ತಿರುವ ಆ ಏಳು ಜನರ ಶೇ 20 ಇವರಿಗೆ ಹತ್ತಿರದ ಹೋಲಿಕೆ ಎಂದು ನನಗೆ ಅನಿಸುತ್ತದೆ.

---

ವಸೂಲಿ ಸೋಮಣ್ಣ

ಮೂವರಲ್ಲಿ ಒಬ್ಬ ಮುಳುಗಿದ ಮೇಲೂ 20? ನಾನಾದರೆ 35ಕ್ಕೆ ಕಡಿಮೆ ಇಡುವುದಿಲ್ಲ. ಆ ಹನ್ನೊಂದು ಜನರಲ್ಲಿ ಯಾರಿಗೆ ಸ್ವಂತ ಜಮೀನಿದೆ, ಯಾರದು ಬಾಡಿಗೆ ಅಂಗಡಿ ಎಂದು ಮೊದಲು ವಿಚಾರಿಸಿ. ಬಾಡಿಗೆ ಅಂಗಡಿಯವನ ಬಾಕಿ ಬೇರೆಯೇ.

---

ಬೆಂಗಳೂರು ಫೈನಾನ್ಸ್

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಪೂರ್ತಿ ಹಣ ಬಂದರೂ ಗಡುವಿಗಿಂತ ತಡವಾಗಿ ಬಂದರೆ ಅದೂ ಸಾಲದ ನಷ್ಟವೇ ಎಂದು 109ರ ಬಿ5.5.28ರಲ್ಲಿ ಸ್ಪಷ್ಟವಾಗಿದೆ. ಇವರ ಡೀಲರ್‌ಗಳು ಆರು ತಿಂಗಳು ತಡ ಮಾಡುತ್ತಾರೆ. ಆ ತಡದ ಬೆಲೆ ಎಲ್ಲಿ?

---

ವಸುಧಾ ಕುಂದಗೋಳ

ಆ ವಾಕ್ಯ ಇದೆ. ಆದರೆ ತಡದ ನಷ್ಟ ಸಿಗುವುದು ಮೂಲ ಬಡ್ಡಿದರದಲ್ಲಿ ವಟಾಯಿಸಿದಾಗ. ಸಾಲದ ಅಂಶವಿಲ್ಲ ಎಂದು ಬಿಲ್ ಮೊತ್ತಕ್ಕೇ ದಾಖಲಿಸಿದ ವ್ಯಾಪಾರದ ಬಾಕಿಗೆ ಆ ದರ ಸೊನ್ನೆ. ಸೊನ್ನೆ ದರದಲ್ಲಿ ಎಷ್ಟು ತಿಂಗಳು ವಟಾಯಿಸಿದರೂ ನಷ್ಟ ಸೊನ್ನೆಯೇ. ತಡಕ್ಕೆ ತೆರುವ ನಿಜವಾದ ಬೆಲೆ ಸಿಸಿ ಖಾತೆಯ ಬಡ್ಡಿಯಾಗಿ ಈಗಾಗಲೇ ಖರ್ಚಿನಲ್ಲಿದೆ.

---

ಬೆಂಗಳೂರು ಫೈನಾನ್ಸ್

ಸಾಲದ ಅಂಶವಿಲ್ಲ ಎಂಬುದನ್ನೇ ನಾನು ಪ್ರಶ್ನಿಸುತ್ತಿರುವುದು. 60 ದಿನ ಎಂದು ಬರೆದು ಪ್ರತಿ ವರ್ಷ 200 ದಿನ ಬಿಡುವುದು ಗೊತ್ತಿದ್ದೇ ಮಾರಿದರೆ, ಮಾರಾಟದ ಬೆಲೆಯಲ್ಲಿಯೇ ಬಡ್ಡಿ ಅಡಗಿದೆ. ನಗದು ಕೊಡುವ ಡೀಲರ್‌ಗೆ ಇವರು ರಿಯಾಯಿತಿ ಕೊಡುತ್ತಿರಬೇಕಲ್ಲ?

---

ಖಾತೆಕೀರ್ದಿ

ಕೊಡುತ್ತೇವೆ. ಏಳು ದಿನದೊಳಗೆ ಕೊಟ್ಟರೆ ಕೀಟನಾಶಕಕ್ಕೆ ಶೇ 4.

---

ವಸುಧಾ ಕುಂದಗೋಳ

ಶೇ 4 ಎಂಬುದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ, ಒಪ್ಪಿದೆ. ಆದರೆ ಮಾಲು ಕೊಡುವುದಕ್ಕೂ ಹಣ ಬರುವುದಕ್ಕೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಮಾರುವಾಗ ನಿರೀಕ್ಷೆ ಇದ್ದರೆ ಸಾಲದ ಅಂಶವನ್ನು ಲೆಕ್ಕಿಸದಿರಲು 115 ಅವಕಾಶ ಕೊಡುತ್ತದೆ. ಇವರ ಬಹುಪಾಲು ಬಿಲ್ಲುಗಳು ವರ್ಷದೊಳಗೆ ತೀರುತ್ತವೆ. ಇಳಿಯದ ಬಾಕಿಯ ಹನ್ನೊಂದು ಜನರಿಗೆ ಆ ನಿರೀಕ್ಷೆ ಇತ್ತು ಎಂದು ಹೇಳಬಹುದೇ ಎಂಬುದು ನನಗೂ ಕಷ್ಟದ ಪ್ರಶ್ನೆ.

---

ಅಡಿಕೆತೋಟ

ಇಷ್ಟು ಕಷ್ಟಪಟ್ಟು ಪ್ರಾವಿಷನ್ ಮಾಡಿದರೆ ಆದಾಯ ತೆರಿಗೆ ಉಳಿಯುತ್ತದೆಯೇ?

---

ನಿವೃತ್ತ ಬ್ಯಾಂಕ್ ಅಧಿಕಾರಿ

ಇಲ್ಲ. ಪ್ರಾವಿಷನ್‌ಗೆ ವಿನಾಯಿತಿ ಸಿಗುವುದಿಲ್ಲ. ಬಾಕಿಯನ್ನು ಲೆಕ್ಕದಲ್ಲಿ ಮುಳುಗಿದ್ದೆಂದು ಬರೆದು ಹಾಕಿದ ವರ್ಷ ಸಿಗುತ್ತದೆ. ಮುಳುಗಿದೆ ಎಂದು ಸಾಬೀತು ಮಾಡಬೇಕಿಲ್ಲ, ಬರೆದು ಹಾಕಿದರೆ ಸಾಕು ಎಂದು ಟಿಆರ್‌ಎಫ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿಯವರೆಗೆ ಮುಂದೂಡಿದ ತೆರಿಗೆ ಎಂದು ತೋರಿಸಬೇಕು.

---

ಖಾತೆಕೀರ್ದಿ

ಪರಿಶೋಧಕರ ಜೊತೆ ಸಭೆ ಮುಗಿಯಿತು. 37.67 ಲಕ್ಷದಿಂದ ಹನ್ನೊಂದು ಡೀಲರ್‌ಗಳ ಹಳೆಯ ಪ್ರಾವಿಷನ್ 0.95 ಕಳೆದು, 62 ಲಕ್ಷಕ್ಕೆ ಶೇ 20ರಂತೆ 12.40 ಸೇರಿಸಿ 49.12 ಲಕ್ಷ ಕೊಟ್ಟೆವು. 50, 100ರ ದರವನ್ನು ಅವರು ಕೈಬಿಟ್ಟರು. 2021-22ರ ಜೊತೆಗೆ 2020-21ರ ಬಿಲ್ಲುಗಳನ್ನೂ ಓಡಿಸಿ ತೋರಿಸಿ ಎಂದಿದ್ದಾರೆ, ಒಂದೇ ವರ್ಷ ಸಾಲದಂತೆ. ಶೇ 20ನ್ನು ಇನ್ನೂ ಒಪ್ಪಿಲ್ಲ. ಹನ್ನೊಂದು ಜನರ ಜಮೀನು, ಅಂಗಡಿಯ ವಿವರ, ಸಹಿ ಮಾಡಿದ ಬಾಕಿ ಒಪ್ಪಿಗೆ ಪತ್ರ ಕೇಳಿದ್ದಾರೆ. ನಾಲ್ವರು ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದ್ದಾರೆ.

---

ವಸೂಲಿ ಸೋಮಣ್ಣ

ಆ ನಾಲ್ವರ ಬಾಕಿ ಎಷ್ಟು? ಈ ಮುಂಗಾರಿಗೆ ಅವರಿಗೆ ಮಾಲು ಹೋಗಿದೆಯೇ?

---

ಖಾತೆಕೀರ್ದಿ

27 ಲಕ್ಷ. ಇಬ್ಬರಿಗೆ ಹೋಗಿದೆ. ಯಜಮಾನರು ಇಂದು ಬೆಳಿಗ್ಗೆ ಗೋದಾಮಿಗೆ ಫೋನ್ ಮಾಡಿ ಉಳಿದ ಇಬ್ಬರ ಆರ್ಡರ್ ನಿಲ್ಲಿಸಿದ್ದಾರೆ.